ಅಟ್ಟದಲ್ಲಿ ಸಿಕ್ಕ ಕೈಗಂಟೆಯ ವಯಸ್ಸು

“ಮಾವ, ಕುಕನೂರಿನ ಮನೆಯ ಅಟ್ಟದಲ್ಲಿ ನಂದಿ ಇರುವ ಕೈಗಂಟೆ ಸಿಕ್ಕಿದೆ. ಮೈಮೇಲೆ ‘ಫ ೧೩೨೨ ಪರಿಧಾವಿ ಮಾಘ ಬ ೧೪’ ಎಂದು ಕೆತ್ತಿದೆ. 700 ವರ್ಷ ಹಳೆಯದಲ್ಲವೇ? ಒಬ್ಬರು ಕೊಳ್ಳುತ್ತೇನೆ ಎನ್ನುತ್ತಿದ್ದಾರೆ. ಫೋಟೊ, ದನಿ ಎರಡೂ ಕಳುಹಿಸಿದ್ದೇನೆ.”

ಪ್ರಕಾಶ, ಬೆರಳಚ್ಚು ಮಾಡಲು ನನ್ನ ಕಣ್ಣು ಸಹಕರಿಸುವುದಿಲ್ಲ, ಬಾಯಲ್ಲೇ ಹೇಳುತ್ತೇನೆ. ಉದ್ದವಾದರೆ ಚಹಾ ಕುಡಿಯುತ್ತಾ ಕೇಳು.

ಮೊದಲು ಆ ‘ಫ’ ನೋಡು. ಎಲ್ಲರೂ ಅಂಕಿಯ ಮೇಲೆ ಬೀಳುತ್ತಾರೆ, ಅದರ ಮುಂದಿನ ಅಕ್ಷರವನ್ನು ಬಿಟ್ಟುಬಿಡುತ್ತಾರೆ. ಅದು ಫಸಲಿ. ನಮ್ಮ ಕೊಪ್ಪಳ, ರಾಯಚೂರು ನಿಜಾಮರ ಕೈಯಲ್ಲಿದ್ದಾಗ ಕಂದಾಯದ ಲೆಕ್ಕವೆಲ್ಲ ಫಸಲಿಯಲ್ಲಿ ನಡೆಯುತ್ತಿತ್ತು. ನಿನ್ನ ಮುತ್ತಜ್ಜನ ಹೊಲದ ಕಾಗದ ತೆಗೆದು ನೋಡು, ಅಲ್ಲೂ ಇದೇ ಇರುತ್ತದೆ. ಫಸಲಿಗೆ 590 ಕೂಡಿಸಿದರೆ ಇಂಗ್ಲಿಷ್ ವರ್ಷ ಬರುತ್ತದೆ. 1322ಕ್ಕೆ 590 ಸೇರಿದರೆ 1912. ಹೈದರಾಬಾದಿನ ಫಸಲಿ ಅಕ್ಟೋಬರಿನಲ್ಲಿ ಶುರುವಾಗುತ್ತಿತ್ತು, ಹಾಗಾಗಿ 1912ರ ಅಕ್ಟೋಬರಿನಿಂದ ಮುಂದಿನ ಅಕ್ಟೋಬರಿನವರೆಗೆ ಎಂದು ಹಿಡಿ.

ನನ್ನ ಮಾತನ್ನು ನಂಬಬೇಡ, ಸಂವತ್ಸರದಿಂದ ತಾಳೆ ನೋಡು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳಿ ಬರುತ್ತದೆ. ಪರಿಧಾವಿ 1972ರ ಯುಗಾದಿಗೆ ಬಂದಿತ್ತು, ಅದಕ್ಕೆ ಮೊದಲು 1912ರಲ್ಲಿ. ಸರಿಯಾಗಿ ಕೂತಿತಲ್ಲ? ನೀನು ಹೇಳುವ ಹಾಗೆ ಇಸವಿಯೇ 1322 ಆಗಿದ್ದರೆ ಆ ವರ್ಷದ ಸಂವತ್ಸರ ದುಂದುಭಿ. ಶಕ 1322 ಎಂದರೆ ವಿಕ್ರಮ. ಎರಡೂ ಪರಿಧಾವಿ ಅಲ್ಲ. ಮಾಘ ಬಹುಳ ಚತುರ್ದಶಿ ಎಂದರೆ ಶಿವರಾತ್ರಿ. 1913ರ ಮಾರ್ಚ್ ಮೊದಲ ವಾರದ ಶಿವರಾತ್ರಿಗೆ ಯಾರೋ ಮಾಡಿಸಿ ಕೊಟ್ಟ ಗಂಟೆ ಅದು. ಹರಿಹರ ಬುಕ್ಕರಿಗಿಂತ ಹಿಂದಿನದು ಎಂದು ಹೇಳಿಕೊಂಡು ತಿರುಗುವ ಆಸೆ ಬಿಡು.

ಆದರೆ ಅಕ್ಷರಕ್ಕೆ ಒಂದು ದೋಷವಿದೆ: ಅದನ್ನು ಯಾವಾಗ ಬೇಕಾದರೂ ಕೆತ್ತಬಹುದು. ನಿನ್ನೆ ಎರಕ ಹೊಯ್ದ ಗಂಟೆಯ ಮೇಲೆ ಇವತ್ತು ಫಸಲಿ ಹೊಡೆಯುವವರೂ ಇದ್ದಾರೆ. ಆದ್ದರಿಂದ ಗಂಟೆಯ ಮೈ ಏನು ಹೇಳುತ್ತದೆ ಎಂದು ಬೇರೆಯಾಗಿ ಕೇಳಬೇಕು. ಅಪ್ಪನ ಪಾತ್ರೆ ಅಂಗಡಿಯಲ್ಲಿ ನಾನು ಕಲಿತದ್ದು ಅದನ್ನೇ.

ನಿನ್ನ ನಾಲ್ಕನೇ ಫೋಟೊ ದೊಡ್ಡದು ಮಾಡಿ ನೋಡು. ಗಂಟೆಯ ಸೊಂಟಕ್ಕೆ ಮೂರು ಎಳೆ ಸುತ್ತಿದೆ. ನಡುವಿನ ಎಳೆ ಒಂದು ಕಡೆ ತುಸು ದಪ್ಪವಾಗಿದೆ, ಒಂದು ತುದಿ ಇನ್ನೊಂದರ ಮೇಲೆ ಹತ್ತಿ ಕೂತ ಹಾಗೆ. ಮೇಣದ ಅಚ್ಚಿನ ಕೆಲಸದಲ್ಲಿ ಕಂಚಗಾರ ಮೇಣವನ್ನು ಅಂಗೈಯಲ್ಲಿ ಹೊಸೆದು ದಾರದಂತೆ ಮಾಡಿ, ಮೇಣದ ಗಂಟೆಯ ಸುತ್ತ ಸುತ್ತಿ, ತುದಿ ತುದಿ ಸೇರಿಸಿ ಬೆರಳಿಂದ ಒತ್ತುತ್ತಾನೆ. ಆ ಒತ್ತೇ ಲೋಹದಲ್ಲಿ ಉಳಿದಿದೆ. ಮರಳಿನ ಎರಕವಾಗಿದ್ದರೆ ಅಚ್ಚು ಎರಡು ಹೋಳು. ಎದುರುಬದುರಾಗಿ ಮೇಲಿನಿಂದ ಕೆಳಗೆ ಎರಡು ಜೋಡುಗೆರೆ ಬೀಳುತ್ತವೆ. ಹೊರಗಡೆ ಅರ ಹಾಕಿ ಉಜ್ಜಿ ಅಳಿಸುತ್ತಾರೆ, ಆದರೆ ನಂದಿಯ ಹೊಟ್ಟೆಯ ಕೆಳಗೆ, ಕಿವಿಯ ಹಿಂದೆ ಅರ ಹೋಗುವುದಿಲ್ಲ. ಅಲ್ಲಿ ಟಾರ್ಚ್ ಬಿಟ್ಟು ನೋಡು. ನಿನ್ನ ಫೋಟೊದಲ್ಲಿ ನನಗೆ ಗೆರೆ ಕಾಣಲಿಲ್ಲ.

ಹಾಗೆಂದು ಮೇಣದ ಎರಕ ಎಂದ ಕೂಡಲೇ ಹಳೆಯದು ಎಂದು ತೀರ್ಮಾನಿಸಬೇಡ. ಇವತ್ತಿಗೂ ಆ ಕೆಲಸ ಮಾಡುವವರಿದ್ದಾರೆ. ಅದು ಹೇಳುವುದು ಇಷ್ಟೇ: ಲೋಹ ಹೊಯ್ದ ಮೇಲೆ ಅಚ್ಚು ಒಡೆಯಲೇಬೇಕು, ಆದ್ದರಿಂದ ಹಾಗೆಯೇ ಇರುವ ಇನ್ನೊಂದು ಗಂಟೆ ಇರಲಾರದು. ಇದನ್ನು ಮರೆತು ನಾನೇ ಒಮ್ಮೆ ಕೆಟ್ಟೆ. ಒಂದು ಅಂಗಡಿಯಲ್ಲಿ ವಿಜಯನಗರ ಕಾಲದ್ದು ಎಂದು ಹೇಳಿ ಗಂಟೆ ಕೊಟ್ಟರು. ಬಾಯಂಚಿನಲ್ಲಿ ಚಿಕ್ಕ ಜಜ್ಜು, ಮೈಯೆಲ್ಲ ಹಸಿರು ಕಿಲುಬು, ನೋಡಿದರೆ ಭಕ್ತಿ ಬರಬೇಕು. ಆರು ತಿಂಗಳ ನಂತರ ಬೇರೊಬ್ಬರ ಮನೆಯಲ್ಲಿ ಅದೇ ಗಂಟೆ ಕಂಡೆ, ಅದೇ ಜಾಗದಲ್ಲಿ ಅದೇ ಜಜ್ಜು! ಹಳೆಯದೊಂದನ್ನು ಮರಳಿಗೆ ಒತ್ತಿ ನಕಲು ತೆಗೆದಿದ್ದರು. ನಿಮ್ಮ ಅತ್ತೆ ಇವತ್ತಿಗೂ ಅದನ್ನು ನೆನಪಿಸುತ್ತಾಳೆ.

ನಕಲಿನಲ್ಲಿ ಅಕ್ಷರದ ಅಂಚು ಸೋಪಿನಂತೆ ನುಣ್ಣಗಿರುತ್ತದೆ, ತಳದಲ್ಲಿ ಮರಳಿನ ಒರಟು ಇರುತ್ತದೆ. ಉಳಿಯಿಂದ ಹೊಡೆದ ಅಕ್ಷರದ ಪಕ್ಕದಲ್ಲಿ ಲೋಹ ಸ್ವಲ್ಪ ಎದ್ದಿರುತ್ತದೆ, ಉಗುರು ಆಡಿಸಿದರೆ ತಿಳಿಯುತ್ತದೆ. ನಿನ್ನ ಗಂಟೆಯಲ್ಲಿ ‘ಮಾಘ’ದ ಕಡೆ ಆ ಏಣು ಇದೆ, ‘ಫ’ದ ಕಡೆ ಸವೆದು ಹೋಗಿದೆ. ಹಿಡಿ ಹಿಡಿದಾಗ ಹೆಬ್ಬೆರಳು ಜಾರಿ ಮುಟ್ಟುವುದು ಅಲ್ಲೇ. ಎಂದರೆ ಕೆತ್ತಿದ ಮೇಲೆ ಬಹುಕಾಲ ಪೂಜೆ ನಡೆದಿದೆ. ಈ ಸವೆತವೇ ನನಗೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ. ಒಳಗೂ ನೋಡು: ನಾಲಿಗೆ ಬಡಿಯುವ ಕಡೆ ಎದುರುಬದುರಾಗಿ ಎರಡು ತಗ್ಗು ಬಿದ್ದಿರಬೇಕು, ನಾಲಿಗೆ ನೇತುಹಾಕಿದ ಕೊಂಡಿ ತೆಳ್ಳಗಾಗಿರಬೇಕು. ನಾಲಿಗೆ ಹೊಸದಿದ್ದರೆ ಗಾಬರಿಯಾಗಬೇಡ, ಅದನ್ನು ಬದಲಿಸುತ್ತಲೇ ಇರುತ್ತಾರೆ. ಕೊಂಡಿ ಸವೆಯದೆ ಮೈ ಮಾತ್ರ ಸವೆದಿದ್ದರೆ ಅನುಮಾನಿಸು.

ಲೋಹದ ಮಾತು ಚಿಕ್ಕದು. ಗಂಟೆಯ ಕಂಚು ಎಂದರೆ ನೂರರಲ್ಲಿ ಸುಮಾರು 78 ಪಾಲು ತಾಮ್ರ, 22 ಪಾಲು ತವರ. ಹಿತ್ತಾಳೆಯಲ್ಲಿ ತವರದ ಬದಲು ಸತು. ಒಳಗಡೆ ಮೇಲ್ಭಾಗದಲ್ಲಿ, ಯಾರಿಗೂ ಕಾಣದ ಕಡೆ ಸಾಸಿವೆಯಷ್ಟು ಉಜ್ಜಿದರೆ ಕಂಚು ಬೂದುಬೆರೆತ ಮಂಕು ಬಣ್ಣ ತೋರುತ್ತದೆ, ಹಿತ್ತಾಳೆ ಹಳದಿಯಾಗಿ ಹೊಳೆಯುತ್ತದೆ. ನೀರಿನಲ್ಲಿ ತೂಗಿ ನೋಡುವ ಉಪಾಯ ಇಲ್ಲಿ ನಡೆಯದು, ಎರಡರ ಸಾಂದ್ರತೆಯೂ ಅಷ್ಟು ಹತ್ತಿರ. ಇದರಿಂದಲೂ ವಯಸ್ಸು ಸಿಗುವುದಿಲ್ಲ. ಹಳೆಯ ಹಿತ್ತಾಳೆ ಗಂಟೆಗಳೂ ಇವೆ, ಹೊಸ ಕಂಚಿನವೂ ಇವೆ.

ದನಿ ಇನ್ನೂ ಮೋಸಗಾರ. “ಹಳೆ ಗಂಟೆ, ಅದಕ್ಕೇ ಗಂಭೀರ ನಾದ” ಎನ್ನುವುದು ಮಾರುವವರ ಮಾತು. ದನಿ ತಗ್ಗುವುದು ಗಾತ್ರದಿಂದ, ಏರುವುದು ದಪ್ಪದಿಂದ. ವರ್ಷದಿಂದಲ್ಲ. ಕಂಚಾದರೆ ಅದೇ ಅಳತೆಯ ಹಿತ್ತಾಳೆಗಿಂತ ಹೆಚ್ಚು ಹೊತ್ತು ಗುಂಯ್ಗುಡುತ್ತದೆ. ಮೊಬೈಲ್ ಆ ಬಾಲವನ್ನು ಗದ್ದಲವೆಂದು ಕತ್ತರಿಸುತ್ತದೆ, ನೀನು ಕಳುಹಿಸಿದ್ದರಲ್ಲಿ ನನಗೆ ಅದು ಕೇಳಲಿಲ್ಲ. ಕೇಳಿದ್ದು ಒಂದು ಝರ್ರೆನ್ನುವ ಒಡಕು. ಅದು ಸಡಿಲ ನಾಲಿಗೆಯೂ ಇರಬಹುದು, ಬಿರುಕೂ ಇರಬಹುದು. ನಾಲಿಗೆಗೆ ಅರಳೆ ಸುತ್ತಿ, ಹಿಡಿಗೆ ದಾರ ಕಟ್ಟಿ ತೂಗುಹಾಕಿ, ಮರದ ಕಡ್ಡಿಯಿಂದ ಮೆಲ್ಲಗೆ ತಟ್ಟು. ಆಗಲೂ ಝರ್ರೆಂದರೆ ಬಾಯಂಚಿಗೆ ಸೀಮೆಎಣ್ಣೆ ಸವರಿ, ಒರೆಸಿ, ಸುಣ್ಣದಕಡ್ಡಿ ಪುಡಿ ಉದುರಿಸು. ಬಿರುಕಿದ್ದರೆ ಎಣ್ಣೆ ಒಸರಿ ಕಪ್ಪು ಗೆರೆ ಮೂಡುತ್ತದೆ. ಇದ್ದರೆ ಇನ್ನು ಬಾರಿಸಬೇಡ, ಅದು ಬೆಳೆಯುತ್ತದೆ. ಬೆಸುಗೆಗೂ ಕೊಡಬೇಡ, ಇಷ್ಟು ತವರವಿರುವ ಕಂಚು ಗಾಜಿನಂತೆ ಪೆಡಸು, ಬೆಂಕಿ ತಾಗಿದ ಕಡೆ ಮತ್ತೆ ಸೀಳುತ್ತದೆ.

ಕೊಳ್ಳಲು ಬಂದವರಿಗೆ ಇಷ್ಟು ಹೇಳು: ನೂರು ವರ್ಷ ದಾಟಿದ ಇಂಥ ವಸ್ತು 1972ರ ಪುರಾವಸ್ತು ಕಾಯ್ದೆಯೊಳಗೆ ಬರುತ್ತದೆ, ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ದೇಶದ ಹೊರಗೆ ಒಯ್ಯುವಂತಿಲ್ಲ. ಪರವಾನಗಿ ತೋರಿಸಿ ಎಂದು ಕೇಳು.

ಮತ್ತೆ ನಿಮ್ಮ ಅಮ್ಮನಿಗೆ ಫೋನ್ ಕೊಡು. ಹುಣಸೆಹಣ್ಣು ನೆನೆಹಾಕಿದ್ದಾಳೆ ಎಂದು ಕೇಳಿದೆ. ಅವಳು ಉಜ್ಜಿದರೆ ಅಕ್ಷರದೊಳಗಿನ ಕಿಲುಬು ಹೋಗಿ ಉಳಿಯ ಗುರುತು ಹೊಸದರಂತೆ ಹೊಳೆಯುತ್ತದೆ, ಆಮೇಲೆ ನಾನೂ ಏನೂ ಹೇಳಲಾರೆ. ಒಣಬಟ್ಟೆ ಸಾಕು. ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ನಂದಿಯ ಹೊಟ್ಟೆಯ ಕೆಳಗೆ ನಾನೇ ನೋಡುತ್ತೇನೆ.