ಅಪ್‌ಡೇಟ್: ಹೋಮ್ ಲೋನ್ ಕ್ಲೋಸ್ ಮಾಡಲು ಕೇಳಿದ 28,320 ರೂಪಾಯಿ ಕಟ್ಟಲಿಲ್ಲ

ನಾನು ಕೇಳಿದ್ದು: "ಹೋಮ್ ಲೋನ್‌ನಲ್ಲಿ 12 ಲಕ್ಷ ಬಾಕಿ ಇದೆ. ಪೂರ್ತಿ ತೀರಿಸಿದರೆ ಬ್ಯಾಂಕ್ 2% ಫೋರ್‌ಕ್ಲೋಷರ್ ಚಾರ್ಜ್, ಮೇಲೆ ಜಿಎಸ್‌ಟಿ ಕೇಳುತ್ತಿದೆ. ಕಟ್ಟಲೇಬೇಕಾ?"

ಕಟ್ಟಬೇಕಾಗಿಲ್ಲ. ಮ್ಯಾನೇಜರ್ ಹತ್ತಿರ ಚೌಕಾಸಿ ಮಾಡಿ ಅಂದಿದ್ದಿರಿ, ಮಾಡಿದೆ. ಅರ್ಧ ಬಿಡುತ್ತೇನೆ ಅಂದರು, ಅಷ್ಟೇ. ಸ್ವಂತ ದುಡ್ಡು ಅಂತ ತೋರಿಸಲು ಪಾಸ್‌ಬುಕ್ ಕೊಟ್ಟಿದ್ದೂ ಸುಮ್ನೆ; ದುಡ್ಡು ಎಲ್ಲಿಂದ ಬಂತು ಅನ್ನೋದು ಇಲ್ಲಿ ಲೆಕ್ಕಕ್ಕೇ ಬರಲ್ಲ.

ಕೆಲಸ ಮಾಡಿದ್ದು ಅಗ್ರಿಮೆಂಟ್ ತೆಗೆದು ನೋಡಿ ಅಂದವರ ಸಲಹೆ. ಮೊದಲ ಎರಡು ವರ್ಷ ಬಡ್ಡಿ ಫಿಕ್ಸೆಡ್, ಆಮೇಲೆ ಏರಿಳಿಯುವ ಫ್ಲೋಟಿಂಗ್ ದರ ಅಂತಿತ್ತು. ಬ್ರಾಂಚ್‌ನವರು ಹಳೆಯ ಫಿಕ್ಸೆಡ್ ಭಾಗ ಹಿಡಿದುಕೊಂಡಿದ್ದರು. ವ್ಯಕ್ತಿಗಳು ವ್ಯಾಪಾರಕ್ಕಲ್ಲದೆ ಪಡೆದ ಫ್ಲೋಟಿಂಗ್ ಸಾಲಕ್ಕೆ ಈ ಚಾರ್ಜ್ ಹಾಕುವಂತಿಲ್ಲ ಅಂತ ಆರ್‌ಬಿಐ 2014ರಲ್ಲೇ ಹೇಳಿದೆ. ಅಗ್ರಿಮೆಂಟ್‌ನ ಆ ಪುಟದ ಫೋಟೋ, ಈಗಿನ ಬಡ್ಡಿ ದರದ ಸ್ಟೇಟ್‌ಮೆಂಟ್ ಸೇರಿಸಿ ಬ್ಯಾಂಕಿನ ದೂರು ವಿಭಾಗಕ್ಕೆ ಮೇಲ್ ಹಾಕಿದೆ. 30 ದಿನದಲ್ಲಿ ಉತ್ತರ ಬರದಿದ್ದರೆ `cms.rbi.org.in`ನಲ್ಲಿ ಓಂಬುಡ್ಸ್‌ಮನ್‌ಗೆ ದೂರು ಕೊಡುತ್ತೇನೆ ಅಂತಲೂ ಬರೆದೆ. ಚಾರ್ಜ್ ಇಲ್ಲದ ಹೊಸ ಫೋರ್‌ಕ್ಲೋಷರ್ ಲೆಟರ್ ಬಂತು!

ಪರ್ಸನಲ್ ಲೋನ್‌ಗೂ ಹೀಗೇ ಅಂದುಕೊಳ್ಳಬೇಡಿ. ಅದು ಜಾಸ್ತಿ ಫಿಕ್ಸೆಡ್ ಇರುತ್ತೆ, ಅಗ್ರಿಮೆಂಟ್‌ನಲ್ಲಿ ಬರೆದ ಚಾರ್ಜ್ ಹಾಕಬಹುದು. 2026ರ ಜನವರಿ 1ರಂದು ಅಥವಾ ಆಮೇಲೆ ಮಂಜೂರಾದ ಸಾಲವಾದರೆ ಬ್ಯಾಂಕ್ ಸಾಲದ ಜೊತೆ ಕೊಡುವ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ನೋಡಿ. ಅದರಲ್ಲಿ ಹೇಳದ ಚಾರ್ಜ್ ಕೇಳುವಂತಿಲ್ಲ.