ಕಿಲೋ ಲೆಕ್ಕದಲ್ಲಿ ಜರಡಿ ಯಂತ್ರ: ದಾವಣಗೆರೆ ಸಣ್ಣ ಕೈಗಾರಿಕೆ ಗುಂಪಿನ ಪ್ರಶ್ನೋತ್ತರ

ಫ್ಯಾಬ್ರಿಕೇಷನ್ ಶೆಡ್, ಹರಿಹರ ರಸ್ತೆ: ಮೇಡಂ, ನಮ್ಮಲ್ಲಿ ನಾಲ್ಕು ಜನ ಕೆಲಸಗಾರರಿದ್ದಾರೆ. ಶೆಡ್ಡಿನ ಚಾವಣಿ ಹೊರುವ ಟ್ರಸ್, ಗೇಟು, ಮೆಕ್ಕೆಜೋಳದ ಜರಡಿ ಯಂತ್ರ, ಯಾವುದು ಬಂದರೂ ಮಾಡುತ್ತೇವೆ. ತಿಂಗಳ ಒಟ್ಟು ಖರ್ಚನ್ನು ಒಟ್ಟು ಕಿಲೋದಿಂದ ಭಾಗಿಸಿದರೆ 115 ರೂಪಾಯಿ ಬಂತು. ಹದಿನೈದು ಸೇರಿಸಿ ಎಲ್ಲದಕ್ಕೂ ಕಿಲೋಗೆ 130 ಎಂದು ಹೇಳುತ್ತಿದ್ದೇನೆ. ಕೆಲಸ ಬಿಡುವಿಲ್ಲದಷ್ಟಿದೆ, ಆದರೆ ಈ ತಿಂಗಳು ಸಂಬಳಕ್ಕೆ ಸಾಲ ಮಾಡಿದೆ. ಎಲ್ಲಿ ತಪ್ಪಾಗಿದೆ?

ಆಯಿಲ್ ಮಿಲ್, ಚಳ್ಳಕೆರೆ: ನನ್ನದೂ ಒಂದು ಪ್ರಶ್ನೆ. ರೈತರು ತಂದ ಶೇಂಗಾ ಬೀಜವನ್ನು ಕೂಲಿಗೆ ಅರೆದುಕೊಡುತ್ತೇವೆ. ಇದನ್ನು ಜಾಬ್ ವರ್ಕ್ ಎನ್ನುತ್ತಾರೆ. ಹಾಗಾದರೆ ನಮ್ಮದು ಜಾಬ್ ಕಾಸ್ಟಿಂಗ್ ತಾನೆ?

ಬಿ.ಕಾಂ. ವಿದ್ಯಾರ್ಥಿನಿ: ಜಾಬ್ ಕಾಸ್ಟಿಂಗ್, ಪ್ರೊಸೆಸ್ ಕಾಸ್ಟಿಂಗ್ ಇವೆರಡರಲ್ಲಿ ಯಾವುದು ಉತ್ತಮ ಮೇಡಂ?

ಕಾಸ್ಟ್ ಅಕೌಂಟೆಂಟ್: ವಿದ್ಯಾರ್ಥಿನಿಗೆ: ಪ್ರತಿ ಆರ್ಡರಿನ ಖರ್ಚನ್ನು ಬೇರೆ ಬೇರೆಯಾಗಿ ಬರೆಯುವುದು ಜಾಬ್ ಕಾಸ್ಟಿಂಗ್, ಒಂದೇ ಬಗೆಯ ಮಾಲಿನ ಒಟ್ಟು ಖರ್ಚನ್ನು ಒಟ್ಟು ಉತ್ಪಾದನೆಯಿಂದ ಭಾಗಿಸುವುದು ಪ್ರೊಸೆಸ್ ಕಾಸ್ಟಿಂಗ್. ಇವುಗಳಲ್ಲಿ ಯಾವುದೂ ಇನ್ನೊಂದಕ್ಕಿಂತ ಉತ್ತಮವಲ್ಲ. ಕಾರ್ಖಾನೆ ಯಾವುದು ಎಂದು ಮೊದಲು ಹೇಳಬೇಕು.

ಶೆಡ್ಡಿನವರೇ, ಕಳೆದ ತಿಂಗಳು ಎಷ್ಟು ಕಬ್ಬಿಣ, ಎಷ್ಟು ಸಂಬಳ, ಉಳಿದ ಖರ್ಚು ಎಷ್ಟು ಎಂದು ಬರೆಯಿರಿ. ಒಂದು ಟ್ರಸ್ ಕೆಲಸಕ್ಕೂ ಒಂದು ಜರಡಿ ಯಂತ್ರಕ್ಕೂ ಎಷ್ಟು ಗಂಟೆ ಹಿಡಿಯಿತು ಎಂಬುದೂ ಬೇಕು. ಅಂದಾಜಾದರೂ ಸರಿ.

ಫ್ಯಾಬ್ರಿಕೇಷನ್ ಶೆಡ್: ಕಬ್ಬಿಣ 4,000 ಕಿಲೋ, ಕಿಲೋಗೆ 65ರಂತೆ. ಸಂಬಳ 1,20,000. ಬಾಡಿಗೆ, ಕರೆಂಟು, ವೆಲ್ಡಿಂಗ್ ರಾಡು, ಗ್ಯಾಸು ಎಲ್ಲ ಸೇರಿ 80,000. ದೊಡ್ಡ ಟ್ರಸ್ ಕೆಲಸ 2,500 ಕಿಲೋ ಇತ್ತು, ಸುಮಾರು 200 ಗಂಟೆ. ಜರಡಿ ಯಂತ್ರ 400 ಕಿಲೋ, ಅದು ಮಾತ್ರ 260 ಗಂಟೆ ತಿಂದಿತು.

ಕಾಸ್ಟ್ ಅಕೌಂಟೆಂಟ್: ನನಗೆ ಇದೇ ಅನುಮಾನವಿತ್ತು. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಏಕೆಂದರೆ ಈ ತಪ್ಪು ಶೆಡ್ಡನ್ನೇ ಮುಚ್ಚಿಸಬಲ್ಲದು.

ನಾಲ್ಕು ಜನ, 25 ದಿನ, ದಿನಕ್ಕೆ 8 ಗಂಟೆ ಎಂದರೆ 800 ಗಂಟೆ. ಸಂಬಳವನ್ನು ಅದರಿಂದ ಭಾಗಿಸಿದರೆ ಗಂಟೆಗೆ 150, ಉಳಿದ ಖರ್ಚು ಗಂಟೆಗೆ 100. ನಿಮ್ಮ ಶೆಡ್ಡಿನಲ್ಲಿ ಒಬ್ಬ ಮನುಷ್ಯನ ಒಂದು ಗಂಟೆಗೆ 250 ರೂಪಾಯಿ ಬೀಳುತ್ತದೆ.

ಈಗ ಟ್ರಸ್ ನೋಡಿ. ಕಬ್ಬಿಣಕ್ಕೆ 1,62,500, ಗಂಟೆಗಳಿಗೆ 50,000, ಒಟ್ಟು 2,12,500. ಕಿಲೋಗೆ 85 ರೂಪಾಯಿಯ ಕೆಲಸ ಅದು. ಜರಡಿ ಯಂತ್ರಕ್ಕೆ ಕಬ್ಬಿಣ 26,000, ಗಂಟೆಗಳಿಗೆ 65,000, ಒಟ್ಟು 91,000. ನೀವು 130ರ ಲೆಕ್ಕದಲ್ಲಿ ಪಡೆದದ್ದು 52,000. ಒಂದು ಯಂತ್ರಕ್ಕೆ 39,000 ಕೈಬಿಟ್ಟಿತು.

ಕಳೆದ ತಿಂಗಳು ಇದು ಕಾಣಲಿಲ್ಲ, ಏಕೆಂದರೆ ಟ್ರಸ್‌ನಲ್ಲಿ 1,12,500 ಉಳಿದು ಆ ನಷ್ಟವನ್ನು ಮುಚ್ಚಿಹಾಕಿತು. ಈ ತಿಂಗಳು ಟ್ರಸ್ ಕೆಲಸ ಬಂತೇ?

ಫ್ಯಾಬ್ರಿಕೇಷನ್ ಶೆಡ್: ಇಲ್ಲ ಮೇಡಂ. ಪಕ್ಕದವರು 105ಕ್ಕೆ ಒಪ್ಪಿಕೊಂಡರು ಎಂದು ಹಳೆಯ ಗಿರಾಕಿಯೂ ಅಲ್ಲಿಗೇ ಹೋದರು. ನಮಗೆ ಮೂರು ಜರಡಿ ಯಂತ್ರ ಬಂತು. ಸಂತೋಷಪಟ್ಟಿದ್ದೆ.

ಕಾಸ್ಟ್ ಅಕೌಂಟೆಂಟ್: ಮೂರು ಯಂತ್ರ ಎಂದರೆ 780 ಗಂಟೆ. ತಿಂಗಳು ಪೂರ್ತಿ ತುಂಬಿತು, ನಷ್ಟ 1,17,000. ನಿಮ್ಮ ಸಾಲ ಬಂದದ್ದು ಅಲ್ಲಿಂದ. ಸರಾಸರಿ ದರ ಹೇಳುವವನಿಗೆ ಸುಲಭದ ಕೆಲಸ ಕೈತಪ್ಪುತ್ತದೆ, ಕಷ್ಟದ ಕೆಲಸ ಹುಡುಕಿಕೊಂಡು ಬರುತ್ತದೆ. ಗಿರಾಕಿ ದಡ್ಡನಲ್ಲ, ಬೇರೆ ಕಡೆ ಜರಡಿಗೆ 90,000 ಹೇಳಿದ್ದನ್ನು ಕೇಳಿಯೇ ನಿಮ್ಮಲ್ಲಿಗೆ ಬಂದಿರುತ್ತಾನೆ. ಗೇಟಿನ ಕೆಲಸ ಕೈತಪ್ಪಿ, ಚಿಕ್ಕ ಚಿಕ್ಕ ವೆಲ್ಡಿಂಗ್ ಇರುವ ಕೆಲಸವೆಲ್ಲ ನಿಮಗೇ ಸಿಗತೊಡಗಿದರೆ ಎಚ್ಚರವಾಗಿ.

ಮಾಡಬೇಕಾದದ್ದು ಇಷ್ಟು. ಪ್ರತಿ ಆರ್ಡರಿಗೆ ಒಂದು ಸಂಖ್ಯೆ, ಒಂದು ಚೀಟಿ. ಅದಕ್ಕೆ ಕೊಟ್ಟ ಕಬ್ಬಿಣವನ್ನು ಕತ್ತರಿಸುವ ಮೊದಲೇ ತೂಗಿ ಬರೆಯಿರಿ, ತಯಾರಾದ ಮೇಲಲ್ಲ. ಶೀಟಿನಿಂದ ಕಾಳು ಸುರಿಯುವ ಹಾಪರ್ ಕತ್ತರಿಸಿದಾಗ ಉಳಿದ ಚೂರು ಗುಜರಿ ದರಕ್ಕೆ ಹೋಗುತ್ತದೆ, ನೀವು ಕೊಂಡದ್ದು ಹೊಸ ದರಕ್ಕೆ. ಸಂಜೆ ಯಾರು ಯಾವ ಸಂಖ್ಯೆಗೆ ಎಷ್ಟು ಗಂಟೆ ದುಡಿದರು ಎಂದು ಬರೆಸಿ. ಮರುದಿನ ಬೆಳಿಗ್ಗೆ ನೆನಪಿಸಿಕೊಂಡು ಬರೆದದ್ದು ಸುಳ್ಳಾಗುತ್ತದೆ.

ನಿವೃತ್ತ ಲೆಕ್ಕಿಗರು: ನಾನು ಹತ್ತಿ ಗಿರಣಿಯ ಲೆಕ್ಕಪತ್ರ ವಿಭಾಗದಲ್ಲಿದ್ದವನು. ನಮ್ಮದು ಪ್ರೊಸೆಸ್. ಕಾರ್ಡಿಂಗ್, ಸ್ಪಿನ್ನಿಂಗ್, ವೈಂಡಿಂಗ್, ಒಂದರ ಖರ್ಚು ಮುಂದಿನದಕ್ಕೆ ಸಾಗುತ್ತಿತ್ತು, ಯಾವ ಕೊಳವೆಯ ನೂಲು ಯಾರಿಗೆ ಎಂದು ಕೇಳುವವರಿರಲಿಲ್ಲ. ಆದರೆ ಗಿರಣಿಯ ವರ್ಕ್‌ಶಾಪಿನ ರಿಪೇರಿಗೆ ಜಾಬ್ ಕಾರ್ಡ್ ಇತ್ತು. ಅದರಲ್ಲಿ ಬಾಡಿಗೆ, ಕರೆಂಟಿನಂಥ ಉಳಿದ ಖರ್ಚಿಗೆಂದು ಕೂಲಿಯ ಶೇಕಡಾ 60 ಸೇರಿಸಿದರೆ ಮುಗಿಯಿತು. ಗಂಟೆ ಎಣಿಸುವ ತಾಪತ್ರಯ ಈ ಸಣ್ಣ ಶೆಡ್ಡಿಗೆ ಏಕೆ?

ಕಾಸ್ಟ್ ಅಕೌಂಟೆಂಟ್: ಸಾರ್, ನೂಲಿನ ಮಾತು ನೂರಕ್ಕೆ ನೂರು ಸರಿ. ಶೇಕಡಾವಾರು ಮಾತು ಎಲ್ಲರಿಗೂ ಒಂದೇ ಕೂಲಿ ಇದ್ದಲ್ಲಿ ಮಾತ್ರ ಸರಿ. ಇಲ್ಲಿ ಒಬ್ಬ ನುರಿತ ವೆಲ್ಡರ್, ಜೊತೆಗೆ ಹೆಲ್ಪರ್‌ಗಳು. ವೆಲ್ಡರ್‌ನ ಕೂಲಿ ದುಪ್ಪಟ್ಟು ಎಂದ ಮಾತ್ರಕ್ಕೆ ಅವನು ನಿಂತ ಜಾಗದ ಬಾಡಿಗೆ ದುಪ್ಪಟ್ಟಾಗುವುದಿಲ್ಲ. ಬಾಡಿಗೆ, ಕರೆಂಟು ಸಮಯದ ಜೊತೆ ಓಡುತ್ತವೆ. ಅವರು ಮುಂದೆ ದೊಡ್ಡ ಬೆಂಡಿಂಗ್ ಯಂತ್ರ ತಂದರೆ ಆಗ ಯಂತ್ರದ ಗಂಟೆಯನ್ನೂ ಬೇರೆಯಾಗಿ ಹಿಡಿಯಬೇಕು.

ನಿವೃತ್ತ ಲೆಕ್ಕಿಗರು: ಮೂವತ್ತು ವರ್ಷ ಹಾಗೆಯೇ ನಡೆಯಿತಮ್ಮ.

ಕಾಸ್ಟ್ ಅಕೌಂಟೆಂಟ್: ವರ್ಕ್‌ಶಾಪಿನ ರಿಪೇರಿಯನ್ನು ಹೊರಗಿನವರಿಗೆ ಮಾರುತ್ತಿರಲಿಲ್ಲವಲ್ಲ ಸಾರ್, ತಪ್ಪಿದ್ದರೂ ನಡೆಯಿತು.

ಚಳ್ಳಕೆರೆಯವರಿಗೆ: ಜಾಬ್ ವರ್ಕ್ ಎಂಬುದು ಮಾಲು ಯಾರದು ಎಂದು ಹೇಳುತ್ತದೆ, ಅಷ್ಟೇ. ಖರ್ಚು ಹೇಗೆ ಬೀಳುತ್ತದೆ ಎಂದು ಹೇಳುವುದಿಲ್ಲ. ಯಾರ ಬೀಜ ಹಾಕಿದರೂ ಎಣ್ಣೆ ಹಿಂಡುವ ಎಕ್ಸ್‌ಪೆಲ್ಲರ್ ಒಂದು ಕ್ವಿಂಟಲ್‌ಗೆ ತಿನ್ನುವ ಕರೆಂಟು, ಕೂಲಿ, ಸವಕಳಿ ಹೆಚ್ಚುಕಡಿಮೆ ಒಂದೇ. ಆದ್ದರಿಂದ ತಿಂಗಳ ಖರ್ಚನ್ನು ಅರೆದ ಕ್ವಿಂಟಲ್‌ನಿಂದ ಭಾಗಿಸಿ, ಅದು ಪ್ರೊಸೆಸ್ ರೀತಿ. ಶೆಡ್ಡಿನವರಿಗೆ ವಿಷವಾದ ಸರಾಸರಿ ನಿಮಗೆ ಔಷಧಿ. ರೈತರ ತೂಕದ ಚೀಟಿ ಮಾತ್ರ ಬೇರೆ ಬೇರೆ ಇರಲಿ.

ಆಯಿಲ್ ಮಿಲ್, ಚಳ್ಳಕೆರೆ: ಸ್ವಂತಕ್ಕೆ ಕೊಂಡೂ ಅರೆಯುತ್ತೇವೆ. 10,000 ಕಿಲೋ ಬೀಜಕ್ಕೆ ಮೊದಲು 4,100 ಕಿಲೋ ಎಣ್ಣೆ, 5,600 ಹಿಂಡಿ ಬರುತ್ತಿತ್ತು. ಈಗ ಎಣ್ಣೆ 3,900, ಹಿಂಡಿ 5,800. ತೂಕ ಸರಿಹೋಗುತ್ತದೆ, ನಷ್ಟ ಅದೇ ಶೇಕಡಾ 3. ಆದರೂ ಲಾಭ ಇಳಿದಿದೆ.

ಕಾಸ್ಟ್ ಅಕೌಂಟೆಂಟ್: ಇದು ಒಳ್ಳೆಯ ಪ್ರಶ್ನೆ. ತೂಕ ಸರಿಹೋದದ್ದೇ ನಿಮ್ಮನ್ನು ಮೋಸಗೊಳಿಸಿತು. ಆ 200 ಕಿಲೋ ಎಲ್ಲಿಗೂ ಹೋಗಿಲ್ಲ, ಹಿಂಡಿಯೊಳಗೆ ಕುಳಿತು ಹಿಂಡಿಯ ದರಕ್ಕೆ ಮಾರಾಟವಾಗಿದೆ. ಕಿಲೋಗೆ ಎರಡರ ನಡುವಿನ ಅಂತರ 120 ರೂಪಾಯಿ ಎಂದಿಟ್ಟುಕೊಂಡರೂ 24,000. ಹಿಂಡಿಯ ಸ್ಯಾಂಪಲ್ ಪರೀಕ್ಷೆಗೆ ಕಳುಹಿಸಿ. ಮೊದಲು ಹಿಂಡಿಯಲ್ಲಿ ಶೇಕಡಾ 7 ಎಣ್ಣೆ ಉಳಿಯುತ್ತಿದ್ದರೆ ಈಗ ಸುಮಾರು 10 ತೋರಿಸಬೇಕು. ತೋರಿಸಿದರೆ ಎಕ್ಸ್‌ಪೆಲ್ಲರಿನ ಒಳಗಿನ ಸವೆತ ನೋಡಿಸಿ, ಅರೆಯುವ ಮೊದಲಿನ ಬಿಸಿಯನ್ನೂ ನೋಡಿಸಿ. ತೋರಿಸದಿದ್ದರೆ ಬೀಜದಲ್ಲೇ ಎಣ್ಣೆ ಕಡಿಮೆಯಿದೆ, ಕೊಳ್ಳುವಾಗ ಎಡವಿದ್ದೀರಿ. ಪ್ರತಿ ಲಾರಿಗೆ ಜಾಬ್ ಕಾರ್ಡ್ ಬರೆದರೂ ಇದು ಸಿಗುತ್ತಿರಲಿಲ್ಲ, ಎಲ್ಲ ಬೀಜವೂ ಬಿಸಿಮಾಡುವ ಒಂದೇ ಕೆಟಲ್‌ನಲ್ಲಿ ಬೆರೆಯುತ್ತದೆ.

ಗುಂಪಿನ ಸದಸ್ಯ: ಫಾರ್ವರ್ಡ್ ಆಗಿ ಬಂದದ್ದು, ಎಲ್ಲರಿಗೂ ಉಪಯುಕ್ತ: «ಯಾವುದೇ ಕಾರ್ಖಾನೆಗೆ ಒಂದೇ ಸೂತ್ರ. ಒಟ್ಟು ಖರ್ಚನ್ನು ಒಟ್ಟು ಉತ್ಪಾದನೆಯಿಂದ ಭಾಗಿಸಿ, ಶೇಕಡಾ 20 ಸೇರಿಸಿ. ನಷ್ಟವೇ ಇಲ್ಲ.»

ಕಾಸ್ಟ್ ಅಕೌಂಟೆಂಟ್: ಮೇಲೆ ಇಷ್ಟುದ್ದ ಬರೆದದ್ದನ್ನು ಓದಿದ ಮೇಲೂ ಇದನ್ನು ಹಾಕಿದಿರಾ? ಈ ಸೂತ್ರದಿಂದಲೇ ಒಬ್ಬರು ಸಂಬಳಕ್ಕೆ ಸಾಲ ಮಾಡಿದ್ದಾರೆ. ಟ್ರಸ್ಸನ್ನೂ ಜರಡಿಯನ್ನೂ ಕೂಡಿಸಿ ಭಾಗಿಸಿದರೆ ಬರುವ ಸಂಖ್ಯೆ ಎರಡಕ್ಕೂ ಸೇರಿದ್ದಲ್ಲ.

ಮಂಡಕ್ಕಿ ಭಟ್ಟಿಯವರು: ನಮಗೆ ಈ ಸೂತ್ರ ಸರಿಯಾಗಿಯೇ ಬರುತ್ತದೆ. ಫಾರ್ವರ್ಡ್ ಮಾಡಿದವರನ್ನು ಬೈಯುವುದೇಕೆ?

ಬಿ.ಕಾಂ. ವಿದ್ಯಾರ್ಥಿನಿ: ನಿಮ್ಮದು ಪ್ರೊಸೆಸ್, ಅದಕ್ಕೇ ಬರುತ್ತದೆ ಅಣ್ಣ.

ಮಂಡಕ್ಕಿ ಭಟ್ಟಿಯವರು: ಭಟ್ಟಿಯ ಮುಂದೆ ಒಂದು ದಿನ ನಿಂತು ಹೇಳಮ್ಮ. ಭತ್ತ ನೆನೆಸುವುದು, ಹುರಿಯುವುದು, ಅಕ್ಕಿ ಮಾಡಿಸುವುದು, ಉಪ್ಪುನೀರು ಹಾಕುವುದು, ಬಿಸಿ ಮರಳಿನಲ್ಲಿ ಅರಳಿಸುವುದು. ಕೂಲಿ ಚೀಲದ ಲೆಕ್ಕ. ಆರ್ಡರ್ ಬಂದರೆ ಖಾರ ಮಂಡಕ್ಕಿಯ ಪೊಟ್ಟಣವನ್ನೂ ಕಟ್ಟುತ್ತೇವೆ. ಅದು ಜಾಬ್ ಅಲ್ಲವೇ?

ನಿವೃತ್ತ ಲೆಕ್ಕಿಗರು: ಆರ್ಡರ್ ಬಂದರೆ ಜಾಬ್. ಇದರಲ್ಲಿ ಚರ್ಚೆ ಏನಿದೆ?

ಬಿ.ಕಾಂ. ವಿದ್ಯಾರ್ಥಿನಿ: ಆರ್ಡರ್ ಬಂದ ಮಾತ್ರಕ್ಕೆ ಅಲ್ಲ ಸಾರ್. ನೂಲಿಗೂ ಆರ್ಡರ್ ಬರುತ್ತಿರಲಿಲ್ಲವೇ? ಒಂದು ಆರ್ಡರಿಗೂ ಇನ್ನೊಂದಕ್ಕೂ ಕೆಲಸ ಬೇರೆಯಾಗಬೇಕು.

ನಿವೃತ್ತ ಲೆಕ್ಕಿಗರು: ಪುಸ್ತಕ ಓದಿದವರು ಹಿರಿಯರಿಗೆ ಕಲಿಸುವ ಕಾಲ.

ಮಂಡಕ್ಕಿ ಭಟ್ಟಿಯವರು: ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಕಾಸ್ಟ್ ಅಕೌಂಟೆಂಟ್: ಹುಡುಗಿ ಹೇಳಿದ್ದೇ ಸರಿ. ಭಟ್ಟಿಯವರೇ, ಸಾದಾ ಮಂಡಕ್ಕಿಯವರೆಗೆ ಪ್ರೊಸೆಸ್. ಆ ಚೀಲದ ದರವನ್ನೇ ಕಚ್ಚಾಮಾಲಿನ ದರ ಎಂದು ಹಿಡಿದು, ಒಗ್ಗರಣೆ ಎಣ್ಣೆ, ಶೇಂಗಾ, ಪೊಟ್ಟಣ, ಕಟ್ಟುವ ಕೂಲಿ ಇಷ್ಟನ್ನು ಆ ಆರ್ಡರಿನ ಮೇಲೆ ಬರೆಯಿರಿ. ಒಂದು ಎಚ್ಚರಿಕೆ: ತಿಂಗಳ ಕೊನೆಯ ದಿನ ನೆನೆಯುತ್ತಿರುವ ಭತ್ತವನ್ನು ಸಿದ್ಧ ಮಂಡಕ್ಕಿ ಎಂದು ಎಣಿಸಬೇಡಿ. ಅದರಲ್ಲಿ ಭತ್ತದ ಹಣ ಪೂರ್ತಿ ಇದೆ, ಭಟ್ಟಿಯ ಉರುವಲಿನ ಹಣ ಒಂದು ಪೈಸೆಯೂ ಇಲ್ಲ.

ಮಂಡಕ್ಕಿ ಭಟ್ಟಿಯವರು: ನೆನೆಯುವ ಭತ್ತ ಎಂದೂ ಒಂದೇ ಸಮ ಇರುತ್ತದೆ. ಬಿಟ್ಟರೇನಾಯಿತು?

ಕಾಸ್ಟ್ ಅಕೌಂಟೆಂಟ್: ನಿಜವಾಗಿಯೂ ಒಂದೇ ಸಮ ಇದ್ದರೆ ಬಿಡಬಹುದು. ಹಬ್ಬದ ಮೊದಲು ನೋಡಿ ಹೇಳಿ.

ಪ್ರಿಂಟಿಂಗ್ ಪ್ರೆಸ್: ಲಗ್ನಪತ್ರಿಕೆಗೂ ಬಿಲ್ ಪುಸ್ತಕಕ್ಕೂ ಒಂದೇ ದರ ಹಾಕಬಹುದೇ? ಯಾವ ಸಾಫ್ಟ್‌ವೇರ್ ಒಳ್ಳೆಯದು?

ಇನ್ನೊಬ್ಬ ಸದಸ್ಯ: ಎರಡು ಪದ್ಧತಿಗಳಲ್ಲಿ ಯಾವುದು ಉತ್ತಮ ಎಂದು ಯಾರಾದರೂ ಒಂದು ಸಾಲಿನಲ್ಲಿ ಹೇಳಿ.

ಕಾಸ್ಟ್ ಅಕೌಂಟೆಂಟ್: ಮೇಲೆ ಓದಿ.

ಫ್ಯಾಬ್ರಿಕೇಷನ್ ಶೆಡ್: ಮೇಡಂ, ಮೂರು ದಿನ ಚೀಟಿ ಬರೆಸಿದೆ. 96 ಗಂಟೆ ಇರಬೇಕಿತ್ತು. ಎಲ್ಲ ಆರ್ಡರಿನ ಚೀಟಿ ಕೂಡಿದರೆ 71 ಬರುತ್ತದೆ.

ಕಾಸ್ಟ್ ಅಕೌಂಟೆಂಟ್: ಉಳಿದ 25 ಎಲ್ಲಿ?

ಫ್ಯಾಬ್ರಿಕೇಷನ್ ಶೆಡ್: ಕರೆಂಟು ಹೋಗಿ 12 ಗಂಟೆ. ಶೀಟು ಬರುವುದು ತಡವಾಗಿ 8. ಇನ್ನು 5 ಗೊತ್ತಿಲ್ಲ. ಇದನ್ನೂ ಜರಡಿ ಯಂತ್ರದ ಮೇಲೆ ಹಾಕಿ ದರ ಏರಿಸಲೇ?

ಕಾಸ್ಟ್ ಅಕೌಂಟೆಂಟ್: ಹಾಕಬೇಡಿ. ಕರೆಂಟು ಹೋದದ್ದಕ್ಕೆ ಜರಡಿ ಕಾರಣವಲ್ಲ. 25 ಗಂಟೆ, ಗಂಟೆಗೆ 250ರಂತೆ 6,250, ಖಾಲಿ ಕುಳಿತದ್ದು ಎಂದು ಬೇರೆ ಹಾಳೆಯಲ್ಲಿ ಬರೆಯಿರಿ. ಗೊತ್ತಿಲ್ಲದ 5 ಗಂಟೆಯನ್ನು ಗೊತ್ತಿಲ್ಲ ಎಂದೇ ಬರೆಯಿರಿ. ತಿಂಗಳ ಕೊನೆಗೆ ಆ ಹಾಳೆಯ ಫೋಟೋ ಕಳುಹಿಸಿ. ಪ್ರತಿ ತಿಂಗಳೂ ಇಷ್ಟೇ ಬಂದರೆ 800 ಗಂಟೆ ಎಂದು ನಾನು ಹಿಡಿದದ್ದೇ ಹೆಚ್ಚಾಯಿತು, ಆಗ 250 ಎಂಬ ದರವನ್ನು ಬದಲಿಸಬೇಕು.

ನಿವೃತ್ತ ಲೆಕ್ಕಿಗರು: ಶೇಕಡಾ 60 ಹಾಕಿದ್ದರೆ ಇಷ್ಟು ಹಾಳೆ ಬೇಕಿರಲಿಲ್ಲ.

ಪ್ರಿಂಟಿಂಗ್ ಪ್ರೆಸ್: ನನ್ನ ಪ್ರಶ್ನೆ?