ಜಪಾನ್ ಬಡ್ಡಿ ಏರಿಸಿದ್ದಕ್ಕೆ ನಮ್ಮ ಫಂಡ್ ಬಿದ್ದದ್ದು: ಆಗಸ್ಟ್ 2024

ಚಿಕ್ಕಮ್ಮ: "ಅಡ್ವೈಸರ್ ಕಳಿಸಿದ ನೋಟ್ ಓದಿದೆ. ಜಪಾನ್ ಬಡ್ಡಿ ಏರಿಸಿದ್ರೆ ನನ್ನ ಮ್ಯೂಚುವಲ್ ಫಂಡ್ ಯಾಕಪ್ಪಾ ಬೀಳಬೇಕು? ಎಲ್ಲ ತೆಗೆದುಬಿಡ್ಲಾ?"

ಚಿಕ್ಕಮ್ಮ, ಸ್ವಲ್ಪ ಉದ್ದ ಆಗುತ್ತೆ, ನಿಧಾನವಾಗಿ ಕೇಳಿ. ಜಪಾನಿನಲ್ಲಿ ಎಷ್ಟೋ ವರ್ಷ ಬಡ್ಡಿ ಹೆಚ್ಚುಕಡಿಮೆ ಸೊನ್ನೆ ಇತ್ತು. ಹಾಗಾಗಿ ದೊಡ್ಡ ದೊಡ್ಡ ಫಂಡ್‌ಗಳು ಅಲ್ಲಿ ಯೆನ್‌ನಲ್ಲಿ ಸಾಲ ತೆಗೆದು, ಡಾಲರ್ ಮಾಡಿಕೊಂಡು, ಅಮೆರಿಕದ ಷೇರು ಬಾಂಡ್‌ಗಳಲ್ಲಿ ಹಾಕುತ್ತವೆ. ಇದಕ್ಕೆ ಕ್ಯಾರಿ ಟ್ರೇಡ್ ಅಂತಾರೆ.

ಜುಲೈ ಶುರುವಿನಲ್ಲಿ ಒಂದು ಡಾಲರ್‌ಗೆ ಸುಮಾರು 160 ಯೆನ್ ಇತ್ತು. 1.6 ಕೋಟಿ ಯೆನ್ ಸಾಲ ಮಾಡಿದವನ ಕೈಗೆ 1 ಲಕ್ಷ ಡಾಲರ್ ಬಂತು ಅಂದುಕೊಳ್ಳಿ. ಜುಲೈ 31ಕ್ಕೆ ಜಪಾನಿನ ಕೇಂದ್ರ ಬ್ಯಾಂಕು ಬಡ್ಡಿಯನ್ನು ಶೇ 0.25ಕ್ಕೆ ಏರಿಸಿತು. ಆಗಸ್ಟ್ 2ರಂದು ಅಮೆರಿಕದ ಉದ್ಯೋಗದ ಲೆಕ್ಕ ಕೆಟ್ಟದಾಗಿ ಬಂತು, ಅಲ್ಲಿ ಬಡ್ಡಿ ಇಳಿಯುತ್ತೆ ಎಂದು ಎಲ್ಲರೂ ಎಣಿಸಿದರು. ಎರಡು ದೇಶಗಳ ಬಡ್ಡಿಯ ಅಂತರ ಕಡಿಮೆಯಾಗುತ್ತೆ ಅಂತ ಯೆನ್ ಬೆಲೆ ಜಿಗಿಯಿತು, ಆಗಸ್ಟ್ 5ರ ಸೋಮವಾರ ಒಂದು ಡಾಲರ್‌ಗೆ 142 ಯೆನ್ ಹತ್ತಿರ ಬಂತು. ಈಗ ಅದೇ 1 ಲಕ್ಷ ಡಾಲರ್ ಕೊಟ್ಟರೆ 1.42 ಕೋಟಿ ಯೆನ್ ಮಾತ್ರ. 18 ಲಕ್ಷ ಯೆನ್ ಕಡಿಮೆ ಬೀಳುತ್ತೆ. ಸಾಲ ಕೊಟ್ಟವರು ಮಾರ್ಜಿನ್, ಅಂದರೆ ಇನ್ನಷ್ಟು ಭದ್ರತೆಯ ದುಡ್ಡು, ತುಂಬಿ ಅಂತಾರೆ. ಆಗ ಒಳ್ಳೆ ಷೇರು ಕೆಟ್ಟ ಷೇರು ಅಂತ ನೋಡುವುದಿಲ್ಲ, ಯಾವ ದೇಶದ್ದಾದರೂ ಬೇಗ ಮಾರಾಟವಾಗುವುದನ್ನು ಮಾರುತ್ತಾರೆ. ಆ ದಿನ ಜಪಾನಿನ ಷೇರು ಸೂಚ್ಯಂಕ ನಿಕ್ಕಿ ಶೇ 12.4 ಬಿತ್ತು. ನಮ್ಮ ಸೆನ್ಸೆಕ್ಸ್ 2,222 ಅಂಕ, ಅಂದರೆ ಶೇ 2.7. ಮಂಗಳವಾರ ನಿಕ್ಕಿ ಶೇ 10ರಷ್ಟು ವಾಪಸ್ ಏರಿತು. ನಿಮ್ಮ ಫಂಡ್‌ನಲ್ಲಿರುವ ಕಂಪನಿಗಳ ವ್ಯಾಪಾರ ಆ ಒಂದು ದಿನದಲ್ಲಿ ಕೆಟ್ಟಿರಲಿಲ್ಲ ಅಲ್ವಾ? ಹಾಗಂತ ಇನ್ನು ಬೀಳಲ್ಲ ಅಂತ ನಾನು ಹೇಳ್ತಿಲ್ಲ.

ಈಗ ನಿಮ್ಮ ಲೆಕ್ಕ. ನೀವು 2020ರಲ್ಲಿ ಒಟ್ಟಿಗೆ ಹಾಕಿದ್ದು 7 ಲಕ್ಷ, ಈಗ ಸುಮಾರು 12 ಲಕ್ಷ. ಫಂಡ್ ಸೆನ್ಸೆಕ್ಸ್‌ನಷ್ಟೇ ಬಿದ್ದಿದ್ದರೆ ಸೋಮವಾರ ಹೋದದ್ದು 32 ಸಾವಿರದ ಆಸುಪಾಸು. ಎಲ್ಲ ತೆಗೆದರೆ ಲಾಭ 5 ಲಕ್ಷ. 2024ರ ಜುಲೈ ಬಜೆಟ್ ಪ್ರಕಾರ ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ, ಮಿಕ್ಕ 3.75 ಲಕ್ಷಕ್ಕೆ ಶೇ 12.5. ಅಂದರೆ 46,875 ರೂಪಾಯಿ, ಸೆಸ್ ಬೇರೆ. ಸೋಮವಾರದ ಪೆಟ್ಟಿಗಿಂತ ಇದೇ ಜಾಸ್ತಿ!

ಆದರೆ ಮುಂದಿನ ಜೂನ್‌ನಲ್ಲಿ ಪುಟ್ಟಿಯ ಕಾಲೇಜು ಫೀಸಿಗೆ 3 ಲಕ್ಷ ಬೇಕು ಅಂದಿದ್ರಿ. ಆ ದುಡ್ಡು ಷೇರಿನಲ್ಲಿ ಇರಲೇಬಾರದು, ಮಾರ್ಕೆಟ್ ಏರಿದರೂ ಇಳಿದರೂ. ಅದನ್ನು ತೆಗೆದು ಎಫ್‌ಡಿಗೆ ಹಾಕಿ. ಆ 3 ಲಕ್ಷದಲ್ಲಿ ಲಾಭದ ಪಾಲು ಸುಮಾರು 1.25 ಲಕ್ಷ. ಈ ವರ್ಷ ಬೇರೇನೂ ಮಾರಿಲ್ಲದಿದ್ದರೆ ತೆರಿಗೆ ಹೆಚ್ಚುಕಡಿಮೆ ಬರೋದೇ ಇಲ್ಲ. ಉಳಿದ 9 ಲಕ್ಷ ಐದಾರು ವರ್ಷ ಬೇಡ ಅನ್ನೋದಾದ್ರೆ ಈ ವಾರದ ಸುದ್ದಿಗೆ ಅದನ್ನು ಮುಟ್ಟುವ ಕಾರಣ ನನಗಂತೂ ಕಾಣ್ತಿಲ್ಲ.

ಇನ್ನೊಂದು ಮಾತು. ಆ್ಯಪ್‌ನಲ್ಲಿ ಕಾಣುವುದು ಹಿಂದಿನ ದಿನದ ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಬೆಲೆ. ಮಧ್ಯಾಹ್ನ 3ರೊಳಗೆ ಕೊಟ್ಟರೆ ಅವತ್ತಿನ ಸಂಜೆಯ ಬೆಲೆ ಸಿಗುತ್ತೆ, ಆಮೇಲೆ ಕೊಟ್ಟರೆ ಮಾರನೇ ದಿನದ್ದು. ಹಾಗಾಗಿ ಫಂಡ್‌ನಲ್ಲಿ ಉಳಿದ ಮೊತ್ತ ಒಂದು ಸಾವಿರ ಹೆಚ್ಚುಕಡಿಮೆ ಆದರೆ ಗಾಬರಿ ಆಗಬೇಡಿ. ರಿಡೀಮ್ ಮಾಡುವಾಗ ಎಲ್ಲ ಯೂನಿಟ್ ಅಂತ ಒತ್ತಬೇಡಿ, ಮೊತ್ತದ ಜಾಗದಲ್ಲಿ 3 ಲಕ್ಷ ಅಂತ ಹಾಕಿ. ಒತ್ತುವ ಮೊದಲು ಒಂದು ಸ್ಕ್ರೀನ್‌ಶಾಟ್ ಕಳಿಸಿ, ನಾನೂ ನೋಡ್ತೀನಿ.